ಸಿಸಿ ಖಾತೆಯಲ್ಲಿ ಜೂನ್ ತಿಂಗಳ ₹5,805 ಬಡ್ಡಿ ಬಂದದ್ದು ಹೇಗೆ

ಪ್ರಶ್ನೆ: ಸರ್, ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ವ್ಯಾಪಾರ. ಬ್ಯಾಂಕಿನಲ್ಲಿ 10 ಲಕ್ಷದ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್, ಲಿಮಿಟ್ ಇದೆ, ಬಡ್ಡಿ 10.95%. 2025ರ ಜೂನ್ 30ಕ್ಕೆ ನನ್ನ ಟ್ಯಾಲಿಯಲ್ಲಿ ಬಾಕಿ ₹4,50,000. ಅದಕ್ಕೆ ಒಂದು ತಿಂಗಳ ಬಡ್ಡಿ ₹4,050 ಆಗಬೇಕು. ಬ್ಯಾಂಕಿನವರು ₹5,805 ಹಾಕಿದ್ದಾರೆ. ಜೊತೆಗೆ ₹8 ಬೇರೆ ಚಾರ್ಜ್. ಅವರ ಸ್ಟೇಟ್‌ಮೆಂಟ್‌ನಲ್ಲಿ ಬಾಕಿ ₹4,15,813. ಯಾವುದೂ ತಾಳೆ ಆಗುತ್ತಿಲ್ಲ. ನಾನು ಕಟ್ಟಿದ ದುಡ್ಡು ಬಡ್ಡಿಗೆ ಹೋಯ್ತಾ, ಅಸಲಿಗೆ ಹೋಯ್ತಾ? ಪುಸ್ತಕದಲ್ಲಿ ಹೇಗೆ ಬರೆಯಬೇಕು? ಬ್ಯಾಂಕ್ ಸ್ಟೇಟ್‌ಮೆಂಟ್, ಮೇ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಜೊತೆಗೆ ಮಂಜೂರಾತಿ ಪತ್ರ, ಟ್ಯಾಲಿಯ ಜೂನ್ ಹಾಳೆ ಎಲ್ಲ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ಹಾಳೆಗಳನ್ನೆಲ್ಲ ಮುಂದಿಟ್ಟುಕೊಂಡು ಪೆನ್ಸಿಲ್ ಹಿಡಿದು ಕೂತಿದ್ದೆ. ಬ್ಯಾಂಕಿನ ಲೆಕ್ಕ ಸರಿ ಇದೆ. ನಿಮ್ಮ ಪುಸ್ತಕವೂ ಹೆಚ್ಚುಕಡಿಮೆ ಸರಿ ಇದೆ. ಬಡ್ಡಿ ಲೆಕ್ಕ ಹಾಕುವ ರೀತಿ ಮಾತ್ರ ತಪ್ಪಿದೆ.

ನೀವು ಮಾಡಿದ್ದು ಇಷ್ಟು. ತಿಂಗಳ ಕೊನೆಯ ದಿನ ಎಷ್ಟು ಬಾಕಿ ಇತ್ತೋ ಅದನ್ನೇ ಇಡೀ ತಿಂಗಳಿಗೆ ಎಳೆದಿರಿ. ಆದರೆ ಜೂನ್ 30ರಂದು ಇದ್ದ ಬಾಕಿ ಜೂನ್ 10ರಂದು ಇರಲಿಲ್ಲ ಅಲ್ವಾ? ಆ ದಿನ ನೀವು ಬ್ಯಾಂಕಿಗೆ 8 ಲಕ್ಷ ಕೊಡಬೇಕಿತ್ತು. ಸಿಸಿ ಖಾತೆಯಲ್ಲಿ ಬ್ಯಾಂಕಿನ ಕಂಪ್ಯೂಟರು ಪ್ರತಿ ರಾತ್ರಿ ದಿನದ ಲೆಕ್ಕ ಮುಗಿಸುವಾಗ ನಿಮ್ಮ ಬಾಕಿ ಎಷ್ಟಿದೆ ಅಂತ ನೋಡುತ್ತದೆ. ಆ ಮೊತ್ತಕ್ಕೆ ಒಂದು ದಿನದ ಬಡ್ಡಿ ಕಟ್ಟಿ ಪಕ್ಕಕ್ಕೆ ಇಡುತ್ತದೆ. ಹೀಗೆ 30 ರಾತ್ರಿ ಪಕ್ಕಕ್ಕಿಟ್ಟದ್ದನ್ನು ಕೂಡಿಸಿ, ತಿಂಗಳ ಕೊನೆಗೆ ಒಂದೇ ಸಾಲಾಗಿ ನಿಮ್ಮ ಖಾತೆಗೆ ಖರ್ಚು ಹಾಕುತ್ತದೆ. ಲಿಮಿಟ್ 10 ಲಕ್ಷ ಇದ್ದರೂ ನೀವು ತೆಗೆಯದೆ ಬಿಟ್ಟ ಹಣಕ್ಕೆ ಬಡ್ಡಿ ಇಲ್ಲ.

ನಿಮ್ಮ ಬಡ್ಡಿ ದರದಲ್ಲಿ ಒಂದು ಅನುಕೂಲ ಇದೆ. 10.95 ಅನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸರಿಯಾಗಿ 0.03% ಬರುತ್ತದೆ. ಅಂದರೆ ಒಂದು ಲಕ್ಷ ಒಂದು ರಾತ್ರಿ ನಿಮ್ಮ ಹತ್ತಿರ ಉಳಿದರೆ 30 ರೂಪಾಯಿ. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದನ್ನು ಬಾಯಿಲೆಕ್ಕದಲ್ಲೇ ಮಾಡಬಹುದು.

ಈಗ ನಿಮ್ಮ ಜೂನ್ ತಿಂಗಳನ್ನೇ ನೋಡೋಣ. ಮೇ 31ರ ರಾತ್ರಿ, ಮೇ ತಿಂಗಳ ಬಡ್ಡಿ ಸೇರಿ, ಬಾಕಿ ₹5,20,000. ಜೂನ್ 1ರಿಂದ 4ರವರೆಗೆ ಏನೂ ನಡೆದಿಲ್ಲ. ಹಾಗಾಗಿ 4 ದಿನ ಅದೇ ಬಾಕಿ. ಜೂನ್ 5ಕ್ಕೆ ರೈತರಿಗೆ ಕೊಬ್ಬರಿ ದುಡ್ಡು ಅಂತ ₹2,80,000 ತೆಗೆದಿದ್ದೀರಿ. ಬಾಕಿ 8 ಲಕ್ಷಕ್ಕೆ ಏರಿತು. ಅದು ಜೂನ್ 16ರ ರಾತ್ರಿವರೆಗೆ, ಅಂದರೆ 12 ದಿನ, ಹಾಗೇ ನಿಂತಿದೆ. 17ಕ್ಕೆ 3 ಲಕ್ಷದ ಚೆಕ್ಕು ಜಮಾ ಆಗಿ ಬಾಕಿ 5 ಲಕ್ಷಕ್ಕೆ ಇಳಿದಿದೆ. ಎರಡೇ ದಿನ. 19ಕ್ಕೆ ಮತ್ತೆ ಮಾಲು ಕೊಳ್ಳಲು ₹1,60,000 ತೆಗೆದಿದ್ದೀರಿ, ಬಾಕಿ ₹6,60,000. ಅದು 7 ದಿನ. 26ಕ್ಕೆ ಆರ್‌ಟಿಜಿಎಸ್‌ನಲ್ಲಿ ₹2,50,000 ಬಂದು ಬಾಕಿ ₹4,10,000ಕ್ಕೆ ಬಂದಿದೆ. ಕೊನೆಯ 5 ದಿನ ಅಷ್ಟೇ.

ಇನ್ನು ಪ್ರತಿ ಬಾಕಿಯನ್ನು ಅದು ನಿಂತ ದಿನಗಳಿಂದ ಗುಣಿಸಬೇಕು. ಹಳೆಯ ಬ್ಯಾಂಕ್ ಗುಮಾಸ್ತರು ಇದನ್ನು 'ಪ್ರಾಡಕ್ಟ್' ಅನ್ನುತ್ತಿದ್ದರು. ಲೆಡ್ಜರಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೈಯಲ್ಲೇ ಬರೆಯುತ್ತಿದ್ದರು. ಲಕ್ಷದ ಲೆಕ್ಕದಲ್ಲಿ ಬರೆದರೆ ಹೀಗಾಗುತ್ತದೆ:

```
5.20 × 4  =  20.80
8.00 × 12 =  96.00
5.00 × 2  =  10.00
6.60 × 7  =  46.20
4.10 × 5  =  20.50
            193.50
193.50 × 30 = 5,805
```

ಬ್ಯಾಂಕಿನವರು ಹಾಕಿದ ₹5,805 ಪೈಸೆ ಬಿಡದೆ ಇಲ್ಲೇ ಸಿಕ್ಕಿತು. 193.50 ಅನ್ನು 30 ದಿನಕ್ಕೆ ಹಂಚಿದರೆ ₹6,45,000 ಬರುತ್ತದೆ. ಜೂನ್ ತಿಂಗಳಲ್ಲಿ ಸರಾಸರಿಯಾಗಿ ನೀವು ಬ್ಯಾಂಕಿನಿಂದ ತೆಗೆದುಕೊಂಡಿದ್ದ ಸಾಲ ಅದು. ತಿಂಗಳ ಕೊನೆಗೆ ನೀವು ನೋಡಿದ ನಾಲ್ಕೂವರೆ ಲಕ್ಷಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಕೊಬ್ಬರಿ ವ್ಯಾಪಾರದಲ್ಲಿ ಇದು ಸಹಜ. ರೈತರಿಗೆ ಕೂಡಲೇ ದುಡ್ಡು ಕೊಡಬೇಕು. ಉತ್ತರ ಭಾರತದ ಪಾರ್ಟಿಗಳು ಲೋಡ್ ಮುಟ್ಟಿದ ಮೇಲೆ, ಅವರ ಪುರುಸೊತ್ತಿನಲ್ಲಿ ಕಳಿಸುತ್ತಾರೆ. ಮಧ್ಯದ ಅಷ್ಟೂ ದಿನ ಬಾಕಿ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ.

ಪ್ರತಿ ತಿಂಗಳು ಕೈಯಲ್ಲಿ ಮಾಡುವುದು ಬೇಜಾರು ಅನ್ನಿಸಿದರೆ ಎಕ್ಸೆಲ್‌ನಲ್ಲಿ ಒಂದು ಹಾಳೆ ಮಾಡಿಟ್ಟುಕೊಳ್ಳಿ. A ಕಾಲಮ್ಮಿನಲ್ಲಿ ತಾರೀಕು, B ಕಾಲಮ್ಮಿನಲ್ಲಿ ಆ ದಿನ ರಾತ್ರಿಯ ಬಾಕಿ. ಯಾವ ವ್ಯವಹಾರವೂ ನಡೆಯದ ದಿನಕ್ಕೂ, ಭಾನುವಾರಕ್ಕೂ ಒಂದು ಸಾಲು ಇರಲೇಬೇಕು. ಹಿಂದಿನ ದಿನದ ಬಾಕಿಯನ್ನೇ ಅಲ್ಲಿ ಬರೆಯಿರಿ. ಎರಡನೇ ಸಾಲಿನಿಂದ ಶುರುಮಾಡಿದರೆ 30 ದಿನ 31ನೇ ಸಾಲಿಗೆ ಮುಗಿಯುತ್ತದೆ. ಆಮೇಲೆ ಈ ಸೂತ್ರ:

```
=ROUND(SUMIF(B2:B31,">0")*10.95%/365,0)
```

ಇಲ್ಲಿ SUMIF ಹಾಕಿದ್ದಕ್ಕೆ ಕಾರಣ ಇದೆ. ದೊಡ್ಡ ಪಾರ್ಟಿ ಒಟ್ಟಿಗೆ ದುಡ್ಡು ಕಳಿಸಿದ ದಿನ ಬಾಕಿ ಪೂರ್ತಿ ತೀರಿ, ನಿಮ್ಮದೇ ಹಣ ಖಾತೆಯಲ್ಲಿ ಉಳಿಯಬಹುದು. ಆ ದಿನವನ್ನು ಮೈನಸ್‌ನಲ್ಲಿ ಬರೆಯಿರಿ, ಸೂತ್ರ ಅದನ್ನು ಬಿಟ್ಟುಬಿಡುತ್ತದೆ. ಏಕೆಂದರೆ ಸಿಸಿಯಲ್ಲಿ ಉಳಿದ ನಿಮ್ಮ ಹಣಕ್ಕೆ ಬ್ಯಾಂಕು ಬಡ್ಡಿ ಕೊಡುವುದಿಲ್ಲ. ಸುಮ್ನೆ ಕೂಡಿಸಿದರೆ ಆ ಮೈನಸ್ಸು ಉಳಿದ ದಿನಗಳ ಬಾಕಿಯನ್ನು ತಿಂದುಹಾಕಿ ಬಡ್ಡಿ ಕಡಿಮೆ ತೋರಿಸುತ್ತದೆ. ನಂತರ ನೀವು ಬ್ಯಾಂಕಿನವರ ಜೊತೆ ಸುಮ್ಮನೆ ಜಗಳಕ್ಕೆ ನಿಲ್ಲುತ್ತೀರಿ.

ಹಾಳೆ ತುಂಬುವಾಗ ಬಾಕಿಯನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ತೆಗೆದುಕೊಳ್ಳಿ, ನಿಮ್ಮ ಟ್ಯಾಲಿಯಿಂದ ಬೇಡ. ಯಾಕೆ ಅಂತ ಆ 3 ಲಕ್ಷದ ಚೆಕ್ಕನ್ನೇ ತೆಗೆದುಕೊಂಡು ಹೇಳುತ್ತೇನೆ. ಟ್ಯಾಲಿಯಲ್ಲಿ ಅದನ್ನು ಜೂನ್ 13ಕ್ಕೆ ಜಮಾ ಬರೆದಿದ್ದೀರಿ. ಆ ದಿನ ಶುಕ್ರವಾರ. ಸಂಜೆ ಹೊತ್ತಿಗೆ ಡಬ್ಬಿಗೆ ಹಾಕಿದ್ದೀರಿ ಅಂತ ಕಾಣುತ್ತದೆ. 14 ಎರಡನೇ ಶನಿವಾರ, ಬ್ಯಾಂಕಿಗೆ ರಜ. 15 ಭಾನುವಾರ. ಸೋಮವಾರ ಚೆಕ್ಕು ಕ್ಲಿಯರಿಂಗಿಗೆ ಹೋಗಿ, ಮಂಗಳವಾರ 17ಕ್ಕೆ ದುಡ್ಡಾಯಿತು. ನಿಮ್ಮ ಪುಸ್ತಕದ ಪ್ರಕಾರ 13ರಿಂದಲೇ ಬಾಕಿ 5 ಲಕ್ಷ. ಬ್ಯಾಂಕಿನ ಪ್ರಕಾರ ಇನ್ನೂ 4 ರಾತ್ರಿ 8 ಲಕ್ಷ. ಚೆಕ್ಕಿನ ಕಾಗದ ಡಬ್ಬಿಯಲ್ಲಿ ಇದ್ದಷ್ಟು ಹೊತ್ತು ಅವರ ಕೈಗೆ ದುಡ್ಡು ಬಂದಿಲ್ಲ, ಹಾಗಾಗಿ ಬಡ್ಡಿ ಓಡುತ್ತಲೇ ಇರುತ್ತದೆ. 3 ಲಕ್ಷ, 4 ದಿನ, ಲಕ್ಷಕ್ಕೆ 30ರಂತೆ ₹360. ಈ ಒಂದು ಚೆಕ್ಕಿಗೆ ಪುಸ್ತಕದ ತಾರೀಕು ಹಿಡಿದು ದಿನಬಾಕಿ ಲೆಕ್ಕ ಹಾಕಿದ್ದರೂ ನಿಮಗೆ ₹5,445 ಬರುತ್ತಿತ್ತು, ಮತ್ತೆ ತಾಳೆ ಆಗುತ್ತಿರಲಿಲ್ಲ.

2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ದಿನವಿಡೀ ನಡೆಯುವ ಹಾಗೆ ಬದಲಾಗಿದೆ, ಈ ಅಂತರ ಮೊದಲಿಗಿಂತ ಕಡಿಮೆ. ಆದರೂ ಶುಕ್ರವಾರ ಸಂಜೆ ಡಬ್ಬಿಗೆ ಬಿದ್ದ ಚೆಕ್ಕು ರಜೆ ಮುಗಿಯುವವರೆಗೆ ಅಲ್ಲೇ ಇರುತ್ತದೆ. ಅದೇ ಪಾರ್ಟಿ ಅದೇ ದಿನ ಆರ್‌ಟಿಜಿಎಸ್ ಮಾಡಿದ್ದರೆ ಅವತ್ತು ರಾತ್ರಿಯ ಬಾಕಿಯೇ ಇಳಿಯುತ್ತಿತ್ತು. ಪಾರ್ಟಿ ಜೊತೆ ದರ ಮಾತಾಡುವಾಗ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದನ್ನೂ ಮಾತಾಡಿಕೊಳ್ಳಿ ಅಂತ ನನ್ನ ಹತ್ತಿರ ಬರುವ ಎಲ್ಲ ವ್ಯಾಪಾರಿಗಳಿಗೂ ಹೇಳುತ್ತೇನೆ. ಒಂದು ಚೆಕ್ಕಿಗೆ ₹360 ದೊಡ್ಡದಲ್ಲ ಅನ್ನಿಸಬಹುದು. ತಿಂಗಳಿಗೆ ಎರಡು ಚೆಕ್ಕು ಹೀಗೆ ಕಾದರೆ ವರ್ಷಕ್ಕೆ ₹8,640.

ಈಗ ಆ 8 ರೂಪಾಯಿ. ಮೊತ್ತ ಚಿಕ್ಕದು, ಆದರೆ ಇಡೀ ಸ್ಟೇಟ್‌ಮೆಂಟ್‌ನಲ್ಲಿ ನನಗೆ ಕಾಳಜಿ ಆಗಿದ್ದು ಅದನ್ನು ನೋಡಿಯೇ.

ನಿಮ್ಮ ಲಿಮಿಟ್ 10 ಲಕ್ಷ ಇರಬಹುದು. ಆದರೆ ಯಾವ ದಿನ ಎಷ್ಟು ತೆಗೆಯಬಹುದು ಅನ್ನುವುದನ್ನು ಹೇಳುವುದು ಡ್ರಾಯಿಂಗ್ ಪವರ್. ಅದನ್ನು ನೀವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ನಿಂದಲೇ ಲೆಕ್ಕ ಹಾಕುತ್ತಾರೆ. ಮೇ ತಿಂಗಳ ನಿಮ್ಮ ಹಾಳೆಯಲ್ಲಿ ಗೋಡೌನಿನ ಕೊಬ್ಬರಿ ₹9,00,000. ಇನ್ನೊಬ್ಬ ವ್ಯಾಪಾರಿಯಿಂದ ಉದ್ದರಿ ತಂದ ಮಾಲಿನ ಬಾಕಿ ₹1,00,000. ಸಾಲದಲ್ಲಿ ತಂದ ಮಾಲನ್ನು ಬ್ಯಾಂಕು ನಿಮ್ಮದು ಅಂತ ಒಪ್ಪುವುದಿಲ್ಲ, ಹಾಗಾಗಿ ಉಳಿದದ್ದು 8 ಲಕ್ಷ. ನಿಮ್ಮ ಮಂಜೂರಾತಿ ಪತ್ರದಲ್ಲಿ ಸ್ಟಾಕಿಗೆ 25% ಮಾರ್ಜಿನ್ ಇದೆ. ಅದನ್ನು ಕಳೆದರೆ 6 ಲಕ್ಷ. ಪಾರ್ಟಿಗಳಿಂದ ಬರಬೇಕಾದ ದುಡ್ಡು ₹5,50,000 ಅಂತ ಬರೆದಿದ್ದೀರಿ. ಅದರಲ್ಲಿ ₹2,50,000 ಬಿಲ್ಲು ಹಾಕಿ 90 ದಿನ ದಾಟಿದೆ. ಅದನ್ನು ಬ್ಯಾಂಕು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಉಳಿದ 3 ಲಕ್ಷದಲ್ಲಿ 40% ಮಾರ್ಜಿನ್ ಕಳೆದರೆ ₹1,80,000. ಎರಡೂ ಸೇರಿ ₹7,80,000.

ಈ ಹಾಳೆಯನ್ನು ನೀವು ಬ್ಯಾಂಕಿಗೆ ಕೊಟ್ಟದ್ದು ಜೂನ್ 10ಕ್ಕೆ. ಅಲ್ಲಿಯವರೆಗೆ ಹಿಂದಿನ ತಿಂಗಳ ಡ್ರಾಯಿಂಗ್ ಪವರ್ ನಡೆಯುತ್ತಿತ್ತು, ಅದು ಜಾಸ್ತಿ ಇತ್ತು. ಅದಕ್ಕೇ 5ನೇ ತಾರೀಕು 8 ಲಕ್ಷದವರೆಗೆ ತೆಗೆಯಲು ಬಿಟ್ಟಿದ್ದಾರೆ. 10ಕ್ಕೆ ಹೊಸ ಅಂಕಿ ಕಂಪ್ಯೂಟರಿಗೆ ಹೋದ ಗಳಿಗೆಯಲ್ಲಿ, ನೀವು ಒಂದು ರೂಪಾಯಿಯನ್ನೂ ಹೊಸದಾಗಿ ತೆಗೆಯದೆ ₹20,000 ಮೀರಿದವರಾದಿರಿ. ಅದು 16ರ ರಾತ್ರಿವರೆಗೆ 7 ದಿನ ಹಾಗೇ ಇತ್ತು. ನಿಮ್ಮ ಪತ್ರದಲ್ಲಿ ಮೀರಿದ ಮೊತ್ತಕ್ಕೆ ವರ್ಷಕ್ಕೆ 2% ದಂಡದ ಚಾರ್ಜ್ ಅಂತ ಇದೆ. 20,000ಕ್ಕೆ 2%, 7 ದಿನ. ಬರುವುದು ₹7.67. ಅದನ್ನೇ 8 ಮಾಡಿದ್ದಾರೆ.

ಮೊದಲೆಲ್ಲ ಇದನ್ನು ದಂಡಬಡ್ಡಿ ಅಂತ ಬಡ್ಡಿ ದರಕ್ಕೇ ಸೇರಿಸಿಬಿಡುತ್ತಿದ್ದರು. ಬಡ್ಡಿ ಎಷ್ಟು, ದಂಡ ಎಷ್ಟು ಅಂತ ಬಿಡಿಸಿ ನೋಡುವುದೇ ಕಷ್ಟವಿತ್ತು. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಅದನ್ನು ನಿಲ್ಲಿಸಿತು. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ದಂಡವನ್ನು ಬೇರೆ ಸಾಲಿನಲ್ಲಿ ಚಾರ್ಜ್ ಅಂತಲೇ ತೋರಿಸಬೇಕು, ಬಡ್ಡಿ ದರಕ್ಕೆ ಸೇರಿಸುವ ಹಾಗಿಲ್ಲ, ಆ ದಂಡದ ಮೇಲೆ ಮತ್ತೆ ಬಡ್ಡಿ ಎಳೆಯುವ ಹಾಗೂ ಇಲ್ಲ. ಇದಕ್ಕೆ ಜಿಎಸ್‌ಟಿಯೂ ಇಲ್ಲ. ನಿಮಗೆ ₹8 ಅಂತ ಪ್ರತ್ಯೇಕ ಸಾಲು ಕಂಡದ್ದು ಈ ನಿಯಮದಿಂದಲೇ.

ನನಗೆ ಕಾಳಜಿ ಆಗಿದ್ದು ಯಾಕೆ ಅಂದರೆ, ಲಿಮಿಟ್ ನವೀಕರಣಕ್ಕೆ ಹೋದಾಗ ಮ್ಯಾನೇಜರ್ ನೋಡುವುದು ಎಂಟು ರೂಪಾಯಿಯನ್ನಲ್ಲ, ಖಾತೆ ಎಷ್ಟು ದಿನ ಮೀರಿ ನಿಂತಿತ್ತು ಅನ್ನುವುದನ್ನು. ಡ್ರಾಯಿಂಗ್ ಪವರ್ ಮೀರಿದ ಬಾಕಿ ಒಂದೇ ಸಮನೆ 90 ದಿನ ಹಾಗೇ ನಿಂತರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ. ಮೀರದೇ ಇದ್ದರೂ, ಹಿಂದಿನ 90 ದಿನದಲ್ಲಿ ಬಿದ್ದ ಬಡ್ಡಿಯಷ್ಟಾದರೂ ಜಮಾ ಬರದಿದ್ದರೆ ಅದೇ ಗತಿ. ನಿಮ್ಮ ಖಾತೆ ಅಲ್ಲಿಗೆ ಎಷ್ಟೋ ದೂರ ಇದೆ, ಹೆದರಬೇಡಿ. ಆದರೆ ಆ ಹಳೇ ಬಿಲ್ಲಿನ ಪಾರ್ಟಿಯ ಬಗ್ಗೆ ಯೋಚನೆ ಮಾಡಿ. ಆ ₹2,50,000 90 ದಿನದ ಒಳಗಿನದೇ ಆಗಿದ್ದರೆ ಡ್ರಾಯಿಂಗ್ ಪವರ್ ಇನ್ನೂ ₹1,50,000 ಜಾಸ್ತಿ ಇರುತ್ತಿತ್ತು, ಮೀರುವ ಮಾತೇ ಬರುತ್ತಿರಲಿಲ್ಲ. 26ಕ್ಕೆ ಬಂದ ಆರ್‌ಟಿಜಿಎಸ್ ಅದೇ ಪಾರ್ಟಿಯದ್ದು ಅಂತ ಸ್ಟೇಟ್‌ಮೆಂಟಿನ ವಿವರದಲ್ಲಿ ಕಾಣುತ್ತದೆ. ಬಂತಲ್ಲ, ಒಳ್ಳೆಯದಾಯಿತು. ಮುಂದೆ ಆ ಪಾರ್ಟಿಗೆ ಲೋಡ್ ಕಳಿಸುವಾಗ ಬಿಲ್ಲಿನ ತಾರೀಕಿನ ಮೇಲೆ ಕಣ್ಣಿಡಿ. ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವ ಮೊದಲು ಹೊಸ ಡ್ರಾಯಿಂಗ್ ಪವರ್ ಎಷ್ಟು ಬರುತ್ತದೆ ಅಂತ ನೀವೇ ಮೇಲಿನ ಹಾಗೆ ಲೆಕ್ಕ ಹಾಕಿ ನೋಡಿ. ಬಾಕಿಗಿಂತ ಕಡಿಮೆ ಬರುವಂತಿದ್ದರೆ ಆ ದಿನವೇ ಅಂತರವನ್ನು ಕಟ್ಟಿಬಿಡಿ. ಅಂಕಿಯನ್ನು ಉಬ್ಬಿಸಿ ಬರೆಯುವುದು ಮಾತ್ರ ಬೇಡ. ಗೋಡೌನ್ ನೋಡಲು ಬ್ಯಾಂಕಿನವರು ಬಂದೇ ಬರುತ್ತಾರೆ. ಚೀಲ ಎಣಿಸಲು ಅವರಿಗೆ ಬರುತ್ತದೆ.

ಇನ್ನು ಪುಸ್ತಕಕ್ಕೆ ಬರೋಣ.

ನೀವು ಕಟ್ಟಿದ್ದು ಬಡ್ಡಿಗೋ ಅಸಲಿಗೋ ಅಂತ ಕೇಳಿದ್ದೀರಿ. ಸಿಸಿಯಲ್ಲಿ ಆ ಭೇದವೇ ಇಲ್ಲ. ಕಂತಿನ ಸಾಲದಲ್ಲಿ ಪ್ರತಿ ಕಂತನ್ನು ಬಡ್ಡಿ, ಅಸಲು ಅಂತ ಒಡೆಯುತ್ತಾರೆ. ಸಿಸಿ ಒಂದೇ ಬಾವಿ ಇದ್ದ ಹಾಗೆ, ಬಡ್ಡಿಯೂ ಅದೇ ಬಾವಿಗೆ ಬೀಳುತ್ತದೆ. ಜೂನ್ 30ಕ್ಕೆ ₹5,805 ಖರ್ಚು ಬಿದ್ದ ಗಳಿಗೆಯಿಂದ ಅದೂ ಬಾಕಿಯ ಭಾಗ. ಜುಲೈ 1ರಿಂದ ಅದಕ್ಕೂ, ಜೂನ್ ದರದಲ್ಲೇ ಲೆಕ್ಕ ಹಾಕಿದರೆ, ದಿನಕ್ಕೆ ₹1.74 ಬಡ್ಡಿ ಓಡುತ್ತದೆ. ಜುಲೈ ಪೂರ್ತಿ ಹಾಗೇ ಬಿಟ್ಟರೆ ₹54. ಪುಸ್ತಕದಲ್ಲಿ ನೀವು ಮಾಡಬೇಕಾದದ್ದು ಎರಡೇ ಕೆಲಸ. ಬಡ್ಡಿ ಬಿದ್ದಾಗ ಅದನ್ನು ಖರ್ಚು ಅಂತ ಬರೆಯುವುದು. ದುಡ್ಡು ಬಂದಾಗ ಅದು ಯಾರಿಂದ ಬಂತೋ ಆ ಪಾರ್ಟಿಯ ಹೆಸರಿನಲ್ಲಿ ಜಮಾ ಬರೆಯುವುದು. 'ಸಾಲ ಮರುಪಾವತಿ' ಅಂತ ಬೇರೆ ಲೆಡ್ಜರ್ ತೆಗೆಯಬೇಡಿ. ಕೆಲವರು ಹಾಗೆ ತೆಗೆದು, ವರ್ಷದ ಕೊನೆಗೆ ಆ ಲೆಡ್ಜರಿನಲ್ಲಿ 40-50 ಲಕ್ಷ ತೂಗಾಡುತ್ತಿರುತ್ತದೆ. ಅದನ್ನು ಬಿಡಿಸಲು ಮತ್ತೆ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಹರಡಿಕೊಂಡು ಕೂರಬೇಕಾಗುತ್ತದೆ.

ಟ್ಯಾಲಿಯಲ್ಲಿ ಸಿಸಿ ಲೆಡ್ಜರನ್ನು `Bank OD A/c` ಗುಂಪಿನ ಕೆಳಗೆ ಇಡಿ. `Bank Accounts` ಕೆಳಗೆ ಇಟ್ಟರೆ ಸಾಲ ನಿಮ್ಮ ಆಸ್ತಿ ಕಡೆ ಮೈನಸ್‌ನಲ್ಲಿ ಕೂರುತ್ತದೆ, ಬ್ಯಾಲೆನ್ಸ್ ಶೀಟ್ ನೋಡಿದವರಿಗೆ ಗೊಂದಲ. ಇನ್ನೊಂದು ವಿಷಯ ಬಹಳ ಜನರನ್ನು ಕಾಡುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬಾಕಿಯ ಪಕ್ಕ Dr ಅಂತ ಇರುತ್ತದೆ, ನಿಮ್ಮ ಟ್ಯಾಲಿಯಲ್ಲಿ ಅದೇ ಬಾಕಿ Cr ಅಂತ ಕಾಣುತ್ತದೆ. ಎರಡೂ ಸರಿ. ಅವರ ಪುಸ್ತಕದಲ್ಲಿ ನೀವು ಅವರಿಗೆ ಕೊಡಬೇಕಾದವರು. ನಿಮ್ಮ ಪುಸ್ತಕದಲ್ಲಿ ಅವರು ನಿಮ್ಮಿಂದ ಪಡೆಯಬೇಕಾದವರು. ಕನ್ನಡಿಯ ಎದುರು ನಿಂತ ಹಾಗೆ.

ಜೂನ್ 30ರ ತಾರೀಕು ಹಾಕಿ F5 ಒತ್ತಿ ಪೇಮೆಂಟ್ ವೋಚರ್ ತೆಗೆಯಿರಿ. ನಮೂದು ಹೀಗಿರಲಿ:

ಸಿಸಿ ಬಡ್ಡಿ (ಡೆಬಿಟ್): ₹5,805
ಬ್ಯಾಂಕ್ ದಂಡದ ಚಾರ್ಜ್ (ಡೆಬಿಟ್): ₹8
ಸಿಸಿ ಖಾತೆ (ಕ್ರೆಡಿಟ್): ₹5,813

ಎರಡೂ ಖರ್ಚಿನ ಲೆಡ್ಜರುಗಳು `Indirect Expenses` ಕೆಳಗೆ. ಎಂಟು ರೂಪಾಯಿಗೆ ಬೇರೆ ಲೆಡ್ಜರ್ ಯಾಕೆ ಅಂತ ಕೇಳಬಹುದು. ಬಡ್ಡಿಯ ಲೆಡ್ಜರಿನಲ್ಲಿ ಬಡ್ಡಿ ಮಾತ್ರ ಇದ್ದರೆ ಎಕ್ಸೆಲ್ ಹಾಳೆಯ ಅಂಕಿ ಜೊತೆ ಪ್ರತಿ ತಿಂಗಳೂ ನೇರ ತಾಳೆ ನೋಡಬಹುದು. ಬ್ಯಾಂಕಿಗೆ ಕೊಡುವ ಬಡ್ಡಿಗೆ ಟಿಡಿಎಸ್ ಹಿಡಿಯಬೇಕಿಲ್ಲ, ಜಿಎಸ್‌ಟಿಯೂ ಇಲ್ಲ. ಆದರೆ ಗೋಡೌನ್ ತಪಾಸಣೆ, ಪ್ರೊಸೆಸಿಂಗ್ ಅಂತ ಹಾಕುವ ಚಾರ್ಜುಗಳಿಗೆ 18% ಜಿಎಸ್‌ಟಿ ಇರುತ್ತದೆ. ₹590 ಖರ್ಚು ಬಿದ್ದಿದ್ದರೆ ಅದರಲ್ಲಿ ಚಾರ್ಜ್ ₹500, ಉಳಿದ ₹90 ಜಿಎಸ್‌ಟಿ. ನಿಮ್ಮ ಜಿಎಸ್‌ಟಿ ನಂಬರ್ ಬ್ಯಾಂಕಿನಲ್ಲಿ ದಾಖಲಾಗಿದ್ದರೆ ಆ ₹90 ನಿಮ್ಮ `GSTR-2B`ಯಲ್ಲಿ ಬರುತ್ತದೆ. ಅದನ್ನು ಚಾರ್ಜಿನ ಜೊತೆ ಸೇರಿಸದೆ ಇನ್‌ಪುಟ್ ಲೆಡ್ಜರಿಗೆ ಬರೆಯಿರಿ.

ಈಗ ಬಾಕಿ ತಾಳೆ. ನಿಮ್ಮ ಟ್ಯಾಲಿಯ ₹4,50,000ಕ್ಕೆ ಈ ₹5,813 ಸೇರಿದರೆ ₹4,55,813. ಬ್ಯಾಂಕಿನದು ₹4,15,813. ಅಂತರ ಸರಿಯಾಗಿ ₹40,000. ನಿಮ್ಮ ಪೇಮೆಂಟ್ ವೋಚರುಗಳಲ್ಲಿ ಜೂನ್ 27ಕ್ಕೆ ಲಾರಿ ಬಾಡಿಗೆ ಅಂತ ₹40,000ದ ಚೆಕ್ಕು ಇದೆ. ಅದು ಬ್ಯಾಂಕಿನ ಜೂನ್ ಹಾಳೆಯಲ್ಲಿ ಎಲ್ಲೂ ಇಲ್ಲ. ಲಾರಿಯವರು ಆ ತಿಂಗಳು ಹಾಕಿರಲಿಲ್ಲ, ಅಷ್ಟೇ. ಇದಕ್ಕೆ ಯಾವ ತಿದ್ದುಪಡಿ ನಮೂದೂ ಬೇಡ. ಟ್ಯಾಲಿಯ `Bank Reconciliation` ತೆರೆದು ಉಳಿದ ಎಲ್ಲ ಸಾಲುಗಳಿಗೆ `Bank Date` ಹಾಕಿ. 3 ಲಕ್ಷದ ಚೆಕ್ಕಿಗೆ ವೋಚರ್ ತಾರೀಕು 13 ಇರಲಿ, `Bank Date` 17 ಹಾಕಿ. ಲಾರಿ ಚೆಕ್ಕಿಗೆ ಖಾಲಿ ಬಿಡಿ. ಕೆಳಗೆ ಬ್ಯಾಂಕ್ ಬಾಕಿ ₹4,15,813 ಅಂತ ಬಂದರೆ ಜೂನ್ ಮುಗಿಯಿತು. ನೋಡಿ, ಇಲ್ಲೊಂದು ಸಣ್ಣ ಲಾಭವೂ ನಿಮ್ಮ ಕಡೆ ಇದೆ. ಚೆಕ್ಕು ಬರೆದ ದಿನ ನಿಮ್ಮ ಪುಸ್ತಕದಲ್ಲಿ ಬಾಕಿ ಏರುತ್ತದೆ, ಬಡ್ಡಿ ಏರುವುದು ಲಾರಿಯವರು ಚೆಕ್ಕು ಹಾಕಿದ ಮೇಲೆಯೇ.

ಮಾರ್ಚ್ ತಿಂಗಳಿಗೆ ಮಾತ್ರ ಒಂದು ಜಾಗ್ರತೆ. ನಿಮ್ಮ ಬ್ಯಾಂಕು ತಿಂಗಳ ಕೊನೆ ದಿನವೇ ಬಡ್ಡಿ ಹಾಕುತ್ತದೆ. ಎಲ್ಲಾದರೂ ಮಾರ್ಚ್ ಬಡ್ಡಿ ಏಪ್ರಿಲ್ 1ರ ತಾರೀಕಿನಲ್ಲಿ ಬಿದ್ದಿದ್ದರೆ, ಮಾರ್ಚ್ 31ಕ್ಕೆ ಜರ್ನಲ್ ಹಾಕಿ ಬಡ್ಡಿ ಖರ್ಚನ್ನು ಆ ವರ್ಷಕ್ಕೇ ತೆಗೆದುಕೊಳ್ಳಿ, ಎದುರಿಗೆ 'ಕೊಡಬೇಕಾದ ಬಡ್ಡಿ' ಲೆಡ್ಜರ್. ಏಪ್ರಿಲ್‌ನಲ್ಲಿ ಬ್ಯಾಂಕು ಹಾಕಿದಾಗ ಆ ಲೆಡ್ಜರನ್ನೇ ತೀರಿಸಿ. ಮತ್ತೆ ಖರ್ಚಿಗೆ ಬರೆದರೆ ಒಂದೇ ಬಡ್ಡಿ ಎರಡು ವರ್ಷದಲ್ಲಿ ಬರುತ್ತದೆ.

ನಿಮ್ಮ ಸ್ಟೇಟ್‌ಮೆಂಟ್ ಜೊತೆ ಇದ್ದ ಇನ್ನೊಂದು ಹಾಳೆ ನೋಡಿ ನಿಜಕ್ಕೂ ಹೊಟ್ಟೆ ಉರಿಯಿತು. ಸೇವಿಂಗ್ಸ್ ಖಾತೆಯ ಪುಟ. ಜೂನ್ 5ರಿಂದ 16ರವರೆಗೆ ಸಿಸಿಯಲ್ಲಿ 8 ಲಕ್ಷ ಬಾಕಿ ಇದ್ದ ಅಷ್ಟೂ ದಿನ ಅಲ್ಲಿ ₹1,50,000 ಸುಮ್ನೆ ಮಲಗಿತ್ತು. ಆ ಹಣ ಸಿಸಿಯಲ್ಲಿ ಇದ್ದಿದ್ದರೆ 12 ದಿನಕ್ಕೆ ₹540 ಉಳಿಯುತ್ತಿತ್ತು. ಸೇವಿಂಗ್ಸ್‌ನಲ್ಲಿ ವರ್ಷಕ್ಕೆ 2.5% ಲೆಕ್ಕದಲ್ಲಿ ನಿಮಗೆ ಬಂದದ್ದು ₹123. ಅಷ್ಟೇ ಅಲ್ಲ, ಬಾಕಿ ಆರೂವರೆ ಲಕ್ಷಕ್ಕೆ ಇಳಿದಿರುತ್ತಿತ್ತು, ಡ್ರಾಯಿಂಗ್ ಪವರ್ ಮೀರುತ್ತಲೂ ಇರಲಿಲ್ಲ. ಸಿಸಿಗೆ ಕಟ್ಟಿದ ದುಡ್ಡು ಎಲ್ಲೂ ಹೋಗುವುದಿಲ್ಲ. ಡ್ರಾಯಿಂಗ್ ಪವರ್ ಒಳಗೆ ಬೇಕಾದ ದಿನ ವಾಪಸ್ ತೆಗೆಯಬಹುದು. ಮನೆ ಖರ್ಚಿಗೆ ಅಂತ ಇಟ್ಟ ಹಣವಾದರೆ ಅದು ನಿಮ್ಮ ಬಂಡವಾಳದ ಲೆಡ್ಜರಿನಲ್ಲಿ ಜಮಾ ಆಗಬೇಕು. ವ್ಯಾಪಾರದ ಆದಾಯ ಅಂತ ಬರೆಯಬೇಡಿ. ಗಲ್ಲಾಪೆಟ್ಟಿಗೆಯಲ್ಲಿ ಉಳಿದ ನಗದಿಗೂ ಇದೇ ಲೆಕ್ಕ. ಆದರೆ ಸಿಸಿ ಬಾಕಿ ಪೂರ್ತಿ ತೀರಿದ ಮೇಲೂ ಅಲ್ಲೇ ತುಂಬಬೇಡಿ. ಮೊದಲೇ ಹೇಳಿದ ಹಾಗೆ ಅಲ್ಲಿ ಹೆಚ್ಚುವರಿ ಹಣಕ್ಕೆ ಬಡ್ಡಿ ಇಲ್ಲ.

ಕೊನೆಯದಾಗಿ ಬಡ್ಡಿ ದರ. ಇದರಲ್ಲಿ ನನಗೆ ಒಂದು ಕಹಿ ಅನುಭವ ಇದೆ. ಕೆಲವು ವರ್ಷಗಳ ಹಿಂದೆ ನಾನು ಲೆಕ್ಕ ನೋಡುತ್ತಿದ್ದ ತುಮಕೂರಿನ ಒಂದು ಅಂಗಡಿಗೆ ನವೀಕರಣದಲ್ಲಿ ದರ ಇಳಿಸಿ ಪತ್ರ ಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಹಳೇ ದರವೇ ಉಳಿದಿತ್ತು. ಐದು ತಿಂಗಳು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಬಡ್ಡಿಯ ಸಾಲನ್ನು ಬ್ಯಾಂಕ್ ಹಾಕಿದ ಹಾಗೇ ಬರೆದುಕೊಂಡು ಹೋಗಿದ್ದೆ. ಒಂದು ದಿನ ದಿನಬಾಕಿ ಲೆಕ್ಕ ಹಾಕಿದಾಗ ಪ್ರತಿ ತಿಂಗಳೂ ಒಂದೇ ಪ್ರಮಾಣದಲ್ಲಿ ಜಾಸ್ತಿ ಬಂದಿರುವುದು ಕಂಡಿತು. ಚೆಕ್ಕಿನ ತಾರೀಕಿನಿಂದ ಬರುವ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಬೇರೆ ಬೇರೆ ಇರುತ್ತದೆ. ದರ ತಪ್ಪಿದ್ದರೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಪತ್ರದ ನಕಲು, ದಿನಬಾಕಿ ಹಾಳೆ ಎರಡನ್ನೂ ಲಗತ್ತಿಸಿ ಅರ್ಜಿ ಕೊಟ್ಟೆವು. ಹೆಚ್ಚು ಹಾಕಿದ ಬಡ್ಡಿ ಖಾತೆಗೆ ವಾಪಸ್ ಬಂತು. ಅವತ್ತಿನಿಂದ ಯಾರ ಸಿಸಿ ಬಡ್ಡಿಯನ್ನೂ ನಾನು ಲೆಕ್ಕ ಹಾಕದೆ ಬರೆದುಕೊಂಡಿಲ್ಲ.

ನಿಮ್ಮ ಮಂಜೂರಾತಿ ಪತ್ರದಲ್ಲಿ ದರ ರೆಪೊಗೆ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿದೆ, ಮೂರು ತಿಂಗಳಿಗೊಮ್ಮೆ ಹೊಂದಿಸುವುದು ಅಂತ ಇದೆ. ರಿಸರ್ವ್ ಬ್ಯಾಂಕ್ ರೆಪೊ ದರವನ್ನು 2025ರ ಏಪ್ರಿಲ್ 9ರಂದು 0.25%, ಜೂನ್ 6ರಂದು 0.50% ಇಳಿಸಿ 5.50%ಗೆ ತಂದಿತು. ಜೂನ್ ತಿಂಗಳಿಗೆ ನಿಮ್ಮ ದರ 10.95 ಇತ್ತು ಅಂತ ಮೇಲಿನ ಲೆಕ್ಕವೇ ಹೇಳುತ್ತದೆ. ನಿಮ್ಮ ಹೊಂದಿಸುವ ದಿನ ಜುಲೈ 1. ಹಿಂದಿನ ಸಲ ಹೊಂದಿಸಿದ್ದು ಏಪ್ರಿಲ್ 1ಕ್ಕೆ, ಹಾಗಾಗಿ ಎರಡೂ ಇಳಿಕೆ ಸೇರಿ ಜುಲೈಯಿಂದ 10.20% ಆಗಬೇಕು, ಲಕ್ಷಕ್ಕೆ ದಿನಕ್ಕೆ ₹30 ಇದ್ದದ್ದು ₹27.95. ಜುಲೈ ಸ್ಟೇಟ್‌ಮೆಂಟ್ ತೆಗೆದುಕೊಂಡು ₹4,15,813ರಿಂದ ಹೊಸ ಹಾಳೆ ಶುರುಮಾಡಿ. ಆ ತಿಂಗಳಿಗೆ 31 ದಿನ, ಹಾಗಾಗಿ ಸೂತ್ರದಲ್ಲಿ B32ರವರೆಗೆ ತೆಗೆದುಕೊಳ್ಳಿ, ದರದ ಜಾಗದಲ್ಲಿ 10.20% ಹಾಕಿ. ಲಾರಿಯ ₹40,000 ಯಾವ ದಿನ ಬಿತ್ತೋ ಆ ದಿನದಿಂದ ಬಾಕಿಗೆ ಸೇರಿಸಿ, ಟ್ಯಾಲಿಯಲ್ಲಿ ಖಾಲಿ ಬಿಟ್ಟಿದ್ದ `Bank Date` ತುಂಬಿ. ಬಂದ ಮೊತ್ತ ಬ್ಯಾಂಕಿನದಕ್ಕಿಂತ ಕಡಿಮೆ ಇದ್ದರೆ, ಒಮ್ಮೆ 10.95% ಹಾಕಿ ನೋಡಿ. ಆಗ ತಾಳೆ ಆಯಿತು ಅಂದರೆ ದರ ಇಳಿಸಿಲ್ಲ ಅಂತ ಅರ್ಥ. ಆ ಹಾಳೆಯನ್ನು ತೆಗೆದುಕೊಂಡೇ ಬ್ಯಾಂಕಿಗೆ ಹೋಗಿ.